‘ಆ ಕಡೆಯವರು ಅಂತ ಗೊತ್ತೇ ಆಗಲಿಲ್ಲ’: ಸ್ಟಾಫ್ ರೂಮಿನ ಒಂದು ಹೊಗಳಿಕೆಯ ಪ್ರಕರಣ

ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ, ನಿವೃತ್ತರಾದ ಗ್ರಂಥಪಾಲಕರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಬೀಳ್ಕೊಡುಗೆ ಸಮಾರಂಭ ಮುಗಿಸಿದ ಮೇಲೆ, ನಾವು ಹತ್ತು ಹನ್ನೆರಡು ಮಂದಿ ಸ್ಟಾಫ್ ರೂಮಿನಲ್ಲಿ ಕೋಡುಬಳೆ ತಿನ್ನುತ್ತ, ಪೇಪರ್ ಕಪ್ಪಿನಲ್ಲಿ ಕಾಫಿ ಹಿಡಿದು ನಿಂತಿದ್ದೆವು. ಆಗ ಹಿರಿಯ ಉಪನ್ಯಾಸಕಿಯೊಬ್ಬರು ಕಿರಿಯ ಉಪನ್ಯಾಸಕಿಗೆ ಹೇಳಿದ ಒಂದು ಮಾತು ಈ ಬರಹದ ವಸ್ತು. ನಾನು ಅದೇ ಕಾಲೇಜಿನಲ್ಲಿ ಮನೋವಿಜ್ಞಾನ ಬೋಧಿಸುವವಳು. ಆ ಹೊತ್ತಿನಲ್ಲಿ ಅವರಿಬ್ಬರಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಕಿರಿಯ ಉಪನ್ಯಾಸಕಿಯ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ನಡೆದದ್ದನ್ನು ದಾಖಲಿಸುತ್ತಿದ್ದೇನೆ.

ಕಿರಿಯರು ಗದಗ ಜಿಲ್ಲೆಯ ಲಕ್ಷ್ಮೇಶ್ವರದವರು. ಕಾಲೇಜಿಗೆ ಸೇರಿ ಎಂಟು ತಿಂಗಳಾಗಿತ್ತು, ಪ್ರೊಬೇಷನರಿ ಅವಧಿ ಇನ್ನೂ ಮುಗಿದಿರಲಿಲ್ಲ. ಅಂದಿನ ಕಾರ್ಯಕ್ರಮದ ನಿರೂಪಣೆ ಅವರದಾಗಿತ್ತು. ಹಿರಿಯರು ಮೂವತ್ತು ವರ್ಷಗಳಿಂದ ಅಲ್ಲಿಯೇ ಪಾಠ ಮಾಡುತ್ತ ಬಂದವರು. ಯಾವ ಸಮಾರಂಭದಲ್ಲಿ ಯಾರು ಮಾತನಾಡಬೇಕು ಎಂಬುದು ಬಹುಮಟ್ಟಿಗೆ ಅವರ ಮಾತಿನಂತೆಯೇ ತೀರ್ಮಾನವಾಗುತ್ತಿತ್ತು. ಅವರು ನಗುತ್ತಲೇ ಹತ್ತಿರ ಬಂದು, ಕಿರಿಯರ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: “ಅಲ್ಲಮ್ಮಾ, ಎಷ್ಟು ಚೆನ್ನಾಗಿ ನಿರೂಪಣೆ ಮಾಡಿದ್ರಿ! ನೀವು ಆ ಕಡೆಯವರು ಅಂತ ಗೊತ್ತೇ ಆಗ್ಲಿಲ್ಲ.”

ಒಂದು ಕ್ಷಣ ಯಾರೂ ಮಾತನಾಡಲಿಲ್ಲ, ಆಮೇಲೆ ಇಬ್ಬರು ಮೂವರು ನಕ್ಕರು. ನಾನೂ ನಕ್ಕೆ ಎಂಬುದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಇಂಥ ಮಾತಿನ ತೂಕ ಹೆಚ್ಚುವುದು ಅಥವಾ ಕಡಿಮೆಯಾಗುವುದು ಆಡಿದವರಿಂದ ಮಾತ್ರವಲ್ಲ, ಸುತ್ತ ನಿಂತು ನಕ್ಕವರಿಂದಲೂ ಹೌದು. ಕಿರಿಯರು “ಥ್ಯಾಂಕ್ಸ್ ಮೇಡಂ” ಎಂದರು, ಅವರೂ ನಕ್ಕರು, ಕಪ್ಪನ್ನು ಕಸದ ಬುಟ್ಟಿಗೆ ಹಾಕಿ ತರಗತಿಯಿದೆಯೆಂದು ಹೊರಟುಹೋದರು. ಆ ಹೊತ್ತಿನಲ್ಲಿ ಅವರಿಗೆ ತರಗತಿ ಇರಲಿಲ್ಲ.

ಮರುದಿನ ಅವರು ನಿರೂಪಣೆಗೆ ಬರೆದುಕೊಂಡಿದ್ದ ಕಾರ್ಡುಗಳನ್ನು ನನಗೆ ತೋರಿಸಿದರು. ಪ್ರತಿ ಸಾಲಿನಲ್ಲೂ ಕೆಲವು ಪದಗಳ ಕೊನೆಯ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಗೆರೆಯಿತ್ತು: ‘ಬರುತ್ತಾರೆ’, ‘ಮನೆ’, ‘ಜೊತೆಗೆ’. ಅವರ ಮನೆಯ ಮಾತಿನಲ್ಲಿ ಇವು ‘ಬರ್ತಾರ’, ‘ಮನಿ’, ‘ಜೋಡಿ’. ನಾಲಿಗೆ ರೂಢಿಯ ಕಡೆಗೆ ಜಾರಬಾರದೆಂದು, ಕಾರ್ಯಕ್ರಮದ ಹಿಂದಿನ ರಾತ್ರಿ ಕನ್ನಡಿಯ ಮುಂದೆ ನಿಂತು ಆ ಕೆಂಪು ಗೆರೆಗಳನ್ನು ನೋಡಿಕೊಂಡು ಓದಿದ್ದರಂತೆ. ಅಂದರೆ, ತಾನು ಯಾವ ಕಡೆಯವಳೆಂದು ಗೊತ್ತಾಗಬಾರದು ಎಂಬುದೇ ಅವರ ಪ್ರಯತ್ನವಾಗಿತ್ತು, ಮತ್ತು ಹಿರಿಯರ ಮಾತಿನ ಪ್ರಕಾರ ಅದು ಪೂರ್ತಿ ಯಶಸ್ವಿಯಾಗಿತ್ತು. ಹಾಗಿದ್ದೂ ಮಾತು ಚುಚ್ಚಿತು. “ಹೊಗಳಿದ್ರೋ ಹಂಗಿಸಿದ್ರೋ ತಿಳೀವಲ್ದು, ಅದಕ್ಕ ನಿದ್ದಿ ಬರ್ಲಿಲ್ಲ” ಎಂದರು. ಎಂಟು ತಿಂಗಳಲ್ಲಿ ಅವರು ತಮ್ಮ ಮಾತಿನಲ್ಲೇ ನನ್ನೊಡನೆ ಆಡಿದ್ದು ಅದೇ ಮೊದಲು.

ನೇರವಾದ ಬೈಗುಳಕ್ಕೆ ನಿದ್ದೆ ಕೆಡುವುದು ಒಂದು ಬಗೆ, ಇಂಥ ಮಾತಿಗೆ ಕೆಡುವುದು ಇನ್ನೊಂದು ಬಗೆ. ಬೈದರೆ ಸಿಟ್ಟು ಬರುತ್ತದೆ, ಸಿಟ್ಟಿಗೆ ಒಂದು ದಿಕ್ಕಿರುತ್ತದೆ. ಹೊಗಳಿಕೆಯೊಳಗೆ ಕೊಂಕು ಇದೆಯೋ ಇಲ್ಲವೋ ತಿಳಿಯದಾಗ ಮನಸ್ಸು ಸಿಟ್ಟುಗೊಳ್ಳುವ ಹಕ್ಕು ತನಗಿದೆಯೇ ಎಂದು ಮೊದಲು ವಿಚಾರಿಸುತ್ತ ಕೂರುತ್ತದೆ, ಮತ್ತು ಆ ವಿಚಾರಣೆಗೆ ಸಾಕ್ಷಿ ಸಾಲದು. ನಮ್ಮ ಕಾವ್ಯಮೀಮಾಂಸೆಗೆ ಈ ಸಂಗತಿ ಹೊಸದೇನಲ್ಲ. ಹೊಗಳಿಕೆಯ ನೆಪದಲ್ಲಿ ತೆಗಳುವುದನ್ನೂ ತೆಗಳಿಕೆಯ ನೆಪದಲ್ಲಿ ಹೊಗಳುವುದನ್ನೂ ಅಲಂಕಾರಿಕರು ವ್ಯಾಜಸ್ತುತಿ ಎಂಬ ಒಂದೇ ಹೆಸರಿನಡಿ ಇಟ್ಟಿದ್ದಾರೆ. ದನಿಯ ಏರಿಳಿತದಿಂದ ಅರ್ಥವೇ ತಿರುಗಿಬಿಡುವುದಕ್ಕೆ ಕಾಕು ಎಂಬ ಪದವೂ ಇದೆ. ಆದರೆ ವ್ಯಾಜಸ್ತುತಿಯಲ್ಲಿ ಕವಿಯ ಉದ್ದೇಶ ಓದುಗನಿಗೆ ಖಚಿತವಾಗಿ ಗೊತ್ತಿರುತ್ತದೆ, ಗೊತ್ತಿದ್ದರೇ ಅಲಂಕಾರ. ಸ್ಟಾಫ್ ರೂಮಿನಲ್ಲಿ ಆ ಖಚಿತತೆ ಇಲ್ಲ. ಹಿರಿಯರ ದನಿಯಲ್ಲಿ ನನಗೆ ಕಾಕು ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಭೌತಶಾಸ್ತ್ರದವರಿಗೆ ಕೇಳಿಸಿತಂತೆ.

ಹೀಗಾಗಿ ಉದ್ದೇಶವನ್ನು ಪಕ್ಕಕ್ಕಿಟ್ಟು ವಾಕ್ಯವನ್ನೇ ಬಿಡಿಸಿ ನೋಡೋಣವೆಂದು ನಾವಿಬ್ಬರೂ ಕುಳಿತೆವು. “ಎಷ್ಟು ಚೆನ್ನಾಗಿ ನಿರೂಪಣೆ ಮಾಡಿದ್ರಿ” ಎಂಬ ಮೊದಲ ಭಾಗ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಎರಡನೆಯ ಭಾಗ ಹೊಗಳಿಕೆಯಲ್ಲ, ಹೊಗಳಿಕೆಗೆ ಬಳಸಿದ ಅಳತೆಗೋಲು. ‘ಆ ಕಡೆಯವರು’ ಚೆನ್ನಾಗಿ ನಿರೂಪಣೆ ಮಾಡುವವರಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಮಾತ್ರ ಆ ಭಾಗಕ್ಕೆ ಅರ್ಥ ಬರುತ್ತದೆ. ‘ಥ್ಯಾಂಕ್ಸ್’ ಎಂದವರು ಹೊಗಳಿಕೆಯ ಜೊತೆಗೆ ಈ ಒಪ್ಪಿಗೆಯನ್ನೂ ತಮಗರಿವಿಲ್ಲದೆ ಕೊಟ್ಟಂತಾಗುತ್ತದೆ. ಕಿರಿಯರಿಗೆ ನಿದ್ದೆ ಕೆಡಿಸಿದ್ದು ಹಿರಿಯರ ಮಾತಿಗಿಂತ ಹೆಚ್ಚಾಗಿ ತಮ್ಮದೇ ‘ಥ್ಯಾಂಕ್ಸ್’ ಎಂದು ನನಗನ್ನಿಸಿತು. ಕೇಳಿದಾಗ ಅವರು ಹೌದೆಂದರು.

ಕನ್ನಡದಲ್ಲಿ ಈ ಅಳತೆಗೋಲು ಬಹಳ ಸಲ ಒಂದೇ ಅಕ್ಷರದಲ್ಲಿ ಅಡಗಿರುತ್ತದೆ. “ನೀವು ಚೆನ್ನಾಗಿ ಹಾಡ್ತೀರಿ” ಎಂಬುದಕ್ಕೂ “ನೀವೂ ಚೆನ್ನಾಗಿ ಹಾಡ್ತೀರಲ್ಲ” ಎಂಬುದಕ್ಕೂ ಇರುವ ವ್ಯತ್ಯಾಸ ಒಂದು ದೀರ್ಘ ಮತ್ತು ಒಂದು ‘ಅಲ್ಲ’. “ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ” ಎಂದು ಹೆಣ್ಣು ನೋಡಲು ಬಂದವರು ಹೇಳಿದಾಗ ಆ ‘ಇದ್ರೂ’ ಎಂಬಲ್ಲಿ ಅಳತೆಗೋಲಿದೆ. “ಅಂತೂ ಮನೆ ಕಟ್ಟಿದ್ರಿ” ಎಂಬಲ್ಲಿ ‘ಅಂತೂ’. ಇಂಥ ಪ್ರತ್ಯಯ ಅಥವಾ ಪದವನ್ನು ಮನಸ್ಸಿನಲ್ಲೇ ತೆಗೆದು ಓದಿದರೆ ಉಳಿಯುವುದು ನಿಜವಾದ ಮೆಚ್ಚುಗೆಯೇ, ಅಥವಾ ಏನೂ ಉಳಿಯುವುದಿಲ್ಲವೇ ಎಂಬುದು ತಕ್ಷಣ ತಿಳಿಯುತ್ತದೆ. ನಮ್ಮ ಪ್ರಕರಣದಲ್ಲಿ ಮೆಚ್ಚುಗೆ ಉಳಿಯಿತು. ಆದ್ದರಿಂದ ‘ಹೊಗಳಿದರೋ ಹಂಗಿಸಿದರೋ’ ಎಂಬ ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿದೆ ಎಂಬ ತೀರ್ಮಾನಕ್ಕೆ ನಾನು ಬಂದೆ. ಹಿರಿಯರು ಮನಸಾರೆ ಹೊಗಳಿದ್ದರು, ಮತ್ತು ಆ ಹೊಗಳಿಕೆ ನಿಂತಿದ್ದ ನೆಲ ಅವಮಾನದ್ದಾಗಿತ್ತು. ಎರಡೂ ಏಕಕಾಲಕ್ಕೆ ನಿಜವಾಗಲು ಅಡ್ಡಿಯಿಲ್ಲ.

ಇಂಥ ಮಾತುಗಳನ್ನು ಅಧ್ಯಯನ ಮಾಡಿದವರಿದ್ದಾರೆ. ಒವುಲ್ ಸೆಜರ್, ಆಲಿಸನ್ ವುಡ್ ಬ್ರೂಕ್ಸ್ ಮತ್ತು ಮೈಕೆಲ್ ನಾರ್ಟನ್ ಎಂಬ ಸಂಶೋಧಕರು ಗಮನಿಸಿದಂತೆ, ಕೀಳಾದ ಯಾವುದೋ ಒಂದಕ್ಕೆ ಹೋಲಿಸಿ ಹೊಗಳುವವರು ಆ ಮೂಲಕ ತಾವು ಒಂದು ಮೆಟ್ಟಿಲು ಮೇಲೆ ಕಾಣುತ್ತೇವೆಂದೂ, ಜೊತೆಗೆ ಎದುರಿನವರ ಪ್ರೀತಿಯೂ ಸಿಗುತ್ತದೆಂದೂ ಭಾವಿಸುತ್ತಾರೆ. ಕೇಳಿದವರು ಅವರಿಗೆ ಎರಡನ್ನೂ ಕೊಡುವುದಿಲ್ಲ. ನನಗೆ ಇದರಲ್ಲಿ ಉಪಯುಕ್ತವಾಗಿ ಕಂಡದ್ದು, ಆಡಿದವರಿಗೂ ಈ ಮಾತಿನಿಂದ ನಷ್ಟವೇ ಆಗುತ್ತದೆ ಎಂಬ ಅಂಶ. ನಷ್ಟ ಆಗಲೇ ಆಗಿರುವಾಗ ಅದನ್ನು ಹೆಚ್ಚಿಸಲು ಕೇಳಿದವರು ಶ್ರಮಪಡಬೇಕಾಗಿಲ್ಲ.

ಆದರೆ ಶ್ರಮಪಡುವ ಆಸೆ ಕಿರಿಯರಿಗೆ ಬಹಳವಾಗಿತ್ತು, ಮತ್ತು ಅವರ ಬತ್ತಳಿಕೆಯಲ್ಲಿ ಒಳ್ಳೆಯ ಬಾಣವೇ ಇತ್ತು. 9ನೇ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮೊದಲನೆಯದು ಇಂದಿನ ಪಟ್ಟದಕಲ್ಲು, ಎರಡನೆಯದು ಕೊಪ್ಪಳ, ನಾಲ್ಕನೆಯದು ಬೆಳಗಾವಿ ಜಿಲ್ಲೆಯ ಒಕ್ಕುಂದ. ಮೂರನೆಯದಾದ ಪುಲಿಗೆರೆ ಬೇರೆ ಯಾವುದೂ ಅಲ್ಲ, ಇವರ ಹುಟ್ಟೂರು ಲಕ್ಷ್ಮೇಶ್ವರ. ಪಂಪನೂ 10ನೇ ಶತಮಾನದಲ್ಲಿ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿದ್ದಾನೆ. ನಾಲ್ಕರಲ್ಲಿ ಒಂದೂ ಮೈಸೂರಿನ ಆಸುಪಾಸಿನದಲ್ಲ. “ಆ ಕಡೆಯವರು ಅಂತ ಗೊತ್ತಾಗಲಿಲ್ಲವೆಂದರೆ ನನ್ನ ಕನ್ನಡ ಕೆಟ್ಟಿದೆ ಎಂದರ್ಥ ಮೇಡಂ” ಎಂದು ಹೇಳಿಬಿಡಬೇಕಿತ್ತು ಎಂದು ಅವರು ಮೂರು ದಿನ ಒಳಗೊಳಗೇ ಅಭ್ಯಾಸ ಮಾಡಿದರು.

ವಾಕ್ಯ ಚೆನ್ನಾಗಿದೆ, ಮತ್ತು ವಾಸ್ತವವೂ ಅದರ ಪರವಾಗಿದೆ. ಅದನ್ನು ಹೇಳದಿದ್ದುದೇ ಒಳ್ಳೆಯದಾಯಿತೆಂದು ನಾನು ವಾದಿಸಿದೆ. ಅದಕ್ಕೆ ಕಾರಣ ಸೌಜನ್ಯವಲ್ಲ, ಲೆಕ್ಕಾಚಾರ. ಹೊಗಳಿಕೆಗೆ ತಿರುಗೇಟು ಕೊಟ್ಟ ಕೂಡಲೇ ಎದುರಿನವರ ಕೈಗೆ “ಹೊಗಳಿದ್ದೇ ತಪ್ಪಾಯ್ತಾ?” ಎಂಬ ವಾಕ್ಯ ಸಿಗುತ್ತದೆ. ಅದಕ್ಕೆ ಉತ್ತರವಿಲ್ಲ. ಕೊಂಕು ಮಾತಿನ ಬಲವಿರುವುದೇ ಅದನ್ನು ಅಲ್ಲಗಳೆಯಬಹುದು ಎಂಬುದರಲ್ಲಿ, ಆದರೆ ತಿರುಗೇಟನ್ನು ಅಲ್ಲಗಳೆಯಲಾಗದು. ಅದು ಎಲ್ಲರ ಮುಂದೆ ಬೆತ್ತಲಾಗಿ ನಿಂತಿರುತ್ತದೆ. ಅಲ್ಲಿಂದ ಮುಂದೆ ಸ್ಟಾಫ್ ರೂಮಿನಲ್ಲಿ ಚರ್ಚೆಯಾಗುವುದು ಹಿರಿಯರ ಅಳತೆಗೋಲಲ್ಲ, ಕಿರಿಯರ ‘ಸಿಡುಕು’. ಅದೂ ಅಲ್ಲದೆ, ತಿರುಗೇಟು ಆ ಅಳತೆಗೋಲನ್ನು ಮುರಿಯುವುದಿಲ್ಲ, ತಿರುಗಿಸಿ ಹಿಡಿಯುತ್ತದೆ ಅಷ್ಟೆ: ‘ನಮ್ಮದು ಶುದ್ಧ, ನಿಮ್ಮದಲ್ಲ’.

ಇನ್ನೊಂದು ದಾರಿ, “ಹಾಗಂದ್ರೆ ಹೇಗೆ ಮೇಡಂ?” ಎಂದು ಕೇಳುವುದು. ಇದನ್ನು ಬಹಳ ಮಂದಿ ಸಲಹೆ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಇಬ್ಬರೇ ಇದ್ದಾಗ, ನಿಜವಾದ ಕುತೂಹಲದಿಂದ ಕೇಳಿದರೆ ಇದು ಒಳ್ಳೆಯ ಪ್ರಶ್ನೆಯೇ. ಆಡಿದವರು ತಮ್ಮ ಮಾತನ್ನು ತಾವೇ ಬಿಡಿಸಿ ನೋಡಬೇಕಾಗುತ್ತದೆ. ಹತ್ತು ಜನರ ನಡುವೆ ಮಾತ್ರ ಇದೇ ಮೂರು ಪದ ಪಾಟೀಸವಾಲಾಗುತ್ತದೆ, ಅದರಲ್ಲೂ ಕಿರಿಯರ ಬಾಯಲ್ಲಿ. ಕಾಕುವಿನ ತೊಂದರೆ ಇಲ್ಲಿ ನಮ್ಮ ಕಡೆಗೇ ತಿರುಗುತ್ತದೆ, ಏಕೆಂದರೆ ನಮ್ಮ ದನಿಯನ್ನೂ ಅವರು ತಮಗೆ ತೋಚಿದಂತೆ ಕೇಳಿಸಿಕೊಳ್ಳುತ್ತಾರೆ.

ಈ ಹಂತದಲ್ಲಿ ನನ್ನ ಪಾಂಡಿತ್ಯಕ್ಕಿಂತ ಉಪಯೋಗಕ್ಕೆ ಬಂದದ್ದು ಲಕ್ಷ್ಮೇಶ್ವರದಲ್ಲಿರುವ ಅವರ ಅಕ್ಕನ ಮಾತು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಆಕೆ ಹೇಳಿದ್ದು ಇಷ್ಟು: “ಜ್ವಾಳದಾಗ ಕಲ್ಲ ಬಂದ್ರ ಜ್ವಾಳಾನ ಚೆಲ್ತಾರೇನ್ವಾ? ಕಲ್ಲ ಆರ್ಸಿ ಒಗದು ಗಿರಣಿಗೆ ಕಳಸ್ತಾರ.” ಹೊಗಳಿಕೆಯನ್ನು ನಿರಾಕರಿಸಬೇಕಿಲ್ಲ, ಅದು ದುಡಿದು ಗಳಿಸಿದ್ದು, ಅಳತೆಗೋಲನ್ನು ಮಾತ್ರ ಒಪ್ಪಿಕೊಳ್ಳದೆ ಹಿಂದಿರುಗಿಸಬೇಕು. ಹಾಗೆ ಮಾಡುವುದಕ್ಕೆ ಆಡಿದವರ ಉದ್ದೇಶ ಏನಿತ್ತೆಂದು ಪತ್ತೆಹಚ್ಚುವ ಅಗತ್ಯವೂ ಇಲ್ಲ. ಮುಗ್ಧವಾಗಿ ಹೇಳಿದ್ದರೆ ಅವರಿಗೆ ನೋವಾಗುವುದಿಲ್ಲ, ಬೇಕೆಂದೇ ಹೇಳಿದ್ದರೆ ಮಾತು ತಲುಪಿದೆ ಎಂದೂ ನಾಟಲಿಲ್ಲ ಎಂದೂ ಅವರಿಗೆ ತಿಳಿಯುತ್ತದೆ. ನಾವು ಆ ದಿನದ ಸಂದರ್ಭಕ್ಕೆ ಹೊಂದುವ ಉತ್ತರವನ್ನು ಹೀಗೆ ಕಟ್ಟಿದೆವು: “ನಿರೂಪಣೆ ನಿಮಗೆ ಹಿಡಿಸ್ತಲ್ಲ, ಸಂತೋಷ ಮೇಡಂ. ನಾನು ಆ ಕಡೆಯವಳೇ, ಲಕ್ಷ್ಮೇಶ್ವರದವಳು.” ಎರಡೇ ವಾಕ್ಯ. ನಡುವೆ ‘ಆದರೆ’ ಇಲ್ಲ, ಏಕೆಂದರೆ ‘ಆದರೆ’ ಬಂದ ಕೂಡಲೇ ವಾದ ಶುರುವಾಗುತ್ತದೆ. ‘ಆ ಕಡೆ’ ಎಂಬ ಬೊಟ್ಟು ಮಾಡಿ ತೋರಿಸುವ ಮಾತಿಗೆ ಬದಲಾಗಿ ಊರಿನ ಹೆಸರು ಬರುತ್ತದೆ, ಸಂಕೋಚದ ಸಂಗತಿಯಂತೆ ಹೇಳಿದ್ದನ್ನು ವಿಳಾಸದಂತೆ ಸರಾಗವಾಗಿ ಹೇಳಿದಂತಾಗುತ್ತದೆ. ಹೇಳುವ ಮೊದಲು ಒಂದು ಗುಟುಕು ಕಾಫಿ ಕುಡಿಯಬೇಕೆಂದು ನಾನು ಸೇರಿಸಿದೆ. ಇದು ತಮಾಷೆಯಲ್ಲ; ಆ ಎರಡು ಸೆಕೆಂಡುಗಳಲ್ಲಿ ಮುಖಕ್ಕೆ ಏರಿದ ಬಿಸಿ ಇಳಿಯುತ್ತದೆ, ಮತ್ತು ಗಾಬರಿಯ ನಗು ತಪ್ಪುತ್ತದೆ.

ಕಳೆದುಹೋದ ಸಂದರ್ಭಕ್ಕೆ ಉತ್ತರ ಕಟ್ಟಿ ಏನು ಪ್ರಯೋಜನ ಎನ್ನಬಹುದು. ಇಂಥ ಮಾತುಗಳು ಒಮ್ಮೆಗೇ ನಿಲ್ಲುವುದು ಕಡಿಮೆ ಎಂಬುದೇ ಪ್ರಯೋಜನ. ಸುಮಾರು ಐದು ವಾರಗಳ ನಂತರ, ವಾರ್ಷಿಕೋತ್ಸವದ ಪೂರ್ವಭಾವಿ ಸಭೆಯಲ್ಲಿ, ಸ್ವಾಗತ ಮತ್ತು ನಿರೂಪಣೆ ಯಾರಿಗೆ ಎಂಬ ಪ್ರಶ್ನೆ ಬಂದಾಗ ಹಿರಿಯರೇ ಪ್ರಾಂಶುಪಾಲರಿಗೆ ಹೇಳಿದರು: “ಇವರಿಗೇ ಕೊಡಿ ಸಾರ್, ಗದಗಿನ ಕಡೆಯವರು ಅಂತ ಯಾರಿಗೂ ಗೊತ್ತಾಗಲ್ಲ.” ತಮಗೆ ಆಗದವರ ಹೆಸರನ್ನು ಅವರು ಸೂಚಿಸುತ್ತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಾಕ್ಷಿ. ಅದೇ ಅಳತೆಗೋಲು ಮತ್ತೆ ಬಂದಿತೆಂಬುದೂ ಸಾಕ್ಷಿಯೇ.

ಕಿರಿಯರು ಎದುರಿಗಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿದರು. ನಾವು ಕಟ್ಟಿದ್ದ ವಾಕ್ಯವನ್ನು ಅವರು ಹೇಳಲಿಲ್ಲ. “ಥ್ಯಾಂಕ್ಸ್ ಮೇಡಂ, ನೀವೇ ಹೆಸರು ಹೇಳಿದ ಮೇಲೆ ಧೈರ್ಯ ಬಂತು. ಈ ಸಲ ಗೊತ್ತಾಗಲಿ ಅಂತಿದೀನಿ. ಸ್ವಾಗತ ನಮ್ಮೂರ ಮಾತಲ್ಲೇ ಮಾಡ್ಲಾ ಸಾರ್?” ಎಂದರು. ಪ್ರಾಂಶುಪಾಲರು ನಗುತ್ತ “ಮಾಡಿ ಮಾಡಿ” ಎಂದು ಮುಂದಿನ ವಿಷಯಕ್ಕೆ ಹೋದರು. ನಾನು ಕಟ್ಟಿದ್ದಕ್ಕಿಂತ ಇದು ಉತ್ತಮವಾದ ಉತ್ತರ. ನನ್ನದರಲ್ಲಿ ಅಳತೆಗೋಲನ್ನು ಹಿಂದಿರುಗಿಸುವುದಷ್ಟೇ ಇತ್ತು. ಇವರು ಅದನ್ನು ಎಲ್ಲರೂ ನೋಡುವಂತೆ ಮೇಜಿನ ಮೇಲಿಟ್ಟು, ಅದರಿಂದ ಅಳೆಯಿಸಿಕೊಳ್ಳುವ ಆಸೆ ತನಗಿಲ್ಲವೆಂದು ನಗುಮುಖದಲ್ಲೇ ತಿಳಿಸಿದರು. ಹಿರಿಯರಿಗೆ ಕೃತಜ್ಞತೆಯೂ ಸಂದಿತು, ಅದು ಸುಳ್ಳೂ ಆಗಿರಲಿಲ್ಲ.

ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಹಿರಿಯರು ಅವರನ್ನು ನಿಲ್ಲಿಸಿ, “ಬೇಜಾರಾಯ್ತೇನಮ್ಮಾ ನಾನು ಹಾಗಂದಿದ್ದು?” ಎಂದು ಕೇಳಿದರಂತೆ. “ಮೊದಲನೇ ಸಲ ಆಯ್ತು ಮೇಡಂ, ಇವತ್ತಾಗಲಿಲ್ಲ” ಎಂದರಂತೆ ಇವರು. ಆಗ ಹೊರಬಿದ್ದ ಸಂಗತಿ ನನಗೂ ಹೊಸದು. ಹಿರಿಯರ ಊರು ಚಾಮರಾಜನಗರದ ಹತ್ತಿರದ ಒಂದು ಹಳ್ಳಿ. ಓದಲು ಮೈಸೂರಿಗೆ ಬಂದ ಹೊಸತರಲ್ಲಿ ಹಾಸ್ಟೆಲಿನಲ್ಲಿ ‘ಇದೆ’ ಎನ್ನುವ ಕಡೆ ‘ಅದ’ ಎಂದು ಬಾಯಿಗೆ ಬಂದಾಗಲೆಲ್ಲ ಹುಡುಗಿಯರು ನಗುತ್ತಿದ್ದರಂತೆ. ಒಂದು ವರ್ಷದಲ್ಲಿ ಅದನ್ನು ಬಿಟ್ಟರಂತೆ. “ನೀವು ಯಾರ ಕೈಲೂ ನಗಿಸಿಕೊಳ್ಳಲಿಲ್ಲವಲ್ಲ ಅಂತ ಖುಷಿಯಾಗಿ ಹಾಗಂದೆ” ಎಂಬುದು ಅವರ ವಿವರಣೆ. ನಾನು ಇದನ್ನು ಪೂರ್ತಿಯಾಗಿ ನಂಬುತ್ತೇನೆ. ಅವರು ಯಾರಿಂದ ಅಳೆಯಿಸಿಕೊಂಡಿದ್ದರೋ ಅವರದೇ ಕೋಲನ್ನು ಮೂವತ್ತು ವರ್ಷ ಚೀಲದಲ್ಲಿಟ್ಟುಕೊಂಡು ಬಂದಿದ್ದರು, ಅದು ಹೊಗಳುವ ಸಾಧನವೆಂದೇ ನಂಬಿದ್ದರು. ತಿರುಳ್ಗನ್ನಡದ ಬಾಣ ಅಂದು ಹೊರಟಿದ್ದರೆ ತಗಲುತ್ತಿದ್ದುದು ಆ ಹಾಸ್ಟೆಲಿನ ಹುಡುಗಿಗೆ.

ಈ ಉಪಾಯ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಹೇಳಬೇಕು. ನಮ್ಮ ಪ್ರಕರಣದಲ್ಲಿ ಮೆಚ್ಚುಗೆ ನಿಜವಾದದ್ದಾಗಿತ್ತು, ಹಿರಿಯರಿಗೆ ಕೇಳಿ ತಿಳಿಯುವ ಮನಸ್ಸಿತ್ತು. ಉತ್ತರ ಕೊಟ್ಟ ಮೇಲೂ ಅದೇ ಮಾತು ಮೂರನೆಯ, ನಾಲ್ಕನೆಯ ಬಾರಿಗೆ ಬರುತ್ತಿದ್ದರೆ ಅದನ್ನು ಅಸ್ಪಷ್ಟ ಮಾತೆಂದು ಕರೆಯುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳಾಗುತ್ತದೆ. ಆಗ ಒಬ್ಬರೇ ಇದ್ದಾಗ ಬಾಗಿಲು ಮುಚ್ಚಿ, “ಈ ಮಾತು ಬೇಡ ಮೇಡಂ” ಎಂದು ನೇರವಾಗಿ ಹೇಳಬೇಕಾಗುತ್ತದೆ. “ನೀವು ಆ ಜಾತಿಯವರು ಅಂತ ಗೊತ್ತೇ ಆಗ್ಲಿಲ್ಲ” ಎಂಬ ವಾಕ್ಯಕ್ಕೂ ನಾವು ನೋಡಿದ ವಾಕ್ಯಕ್ಕೂ ವ್ಯಾಕರಣ ಒಂದೇ, ಒಂದು ಪದವಷ್ಟೇ ಬೇರೆ. ಆ ಒಂದು ಪದದಿಂದ ಎಲ್ಲವೂ ಬದಲಾಗುತ್ತದೆ. ಅಲ್ಲಿ ಕೇಳಿದವರಿಂದ ನಗುಮುಖವನ್ನೂ ಕಾಫಿಯ ಗುಟುಕನ್ನೂ ನಿರೀಕ್ಷಿಸುವುದು ಅನ್ಯಾಯ; ಆ ಹೊತ್ತಿನಲ್ಲಿ ಮಾತನಾಡಬೇಕಾದವರು ಸುತ್ತ ನಿಂತವರು.

ವಾರ್ಷಿಕೋತ್ಸವದ ದಿನ ಕಿರಿಯರು ಕಾರ್ಡುಗಳಿಲ್ಲದೆ ವೇದಿಕೆ ಹತ್ತಿ, “ಎಲ್ಲಾರಿಗೂ ಶರಣ್ರೀ” ಎಂದು ಆರಂಭಿಸಿ, ಐದು ನಿಮಿಷ ಲಕ್ಷ್ಮೇಶ್ವರದ ಮಾತಿನಲ್ಲೇ ಸ್ವಾಗತ ಮಾಡಿದರು. ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹೊಡೆದರು. ಊಟದ ಸರದಿಯಲ್ಲಿ ಹಿರಿಯರು ತಟ್ಟೆ ಹಿಡಿದು ಅವರ ಪಕ್ಕ ಬಂದು ನಿಂತು, “ಬಹಳ ಚೆನ್ನಾಗಿತ್ತಮ್ಮಾ. ಅರ್ಧ ಅರ್ಥವೇ ಆಗ್ಲಿಲ್ಲ, ಆದ್ರೂ ಚೆನ್ನಾಗಿತ್ತು” ಎಂದರು. ಕಿರಿಯರು ನನ್ನ ಕಡೆ ಒಮ್ಮೆ ನೋಡಿ, ಹಿರಿಯರ ತಟ್ಟೆಗೆ ಹಪ್ಪಳ ಹಾಕುತ್ತ, “ಉಳಿದರ್ಧ ಊಟ ಮಾಡ್ತಾ ಹೇಳ್ತೀನಿ, ಬರ್ರೀ ಮೇಡಂ” ಎಂದರು.